‘ಪವರ್’: ಬರ್ನ್‌ಔಟ್ ಸಮೀಕ್ಷೆಯಲ್ಲಿ ಅದಕ್ಕೆ ಎಲ್ಲಿ ಕೆಲಸವಿದೆ, ಎಲ್ಲಿ ಇಲ್ಲ

ರೆಸಿಡೆಂಟ್ ವೈದ್ಯರ ಬರ್ನ್‌ಔಟ್ ಕುರಿತು ಸಿದ್ಧವಾಗುವ ಪ್ರೋಟೋಕಾಲ್‌ಗಳಲ್ಲಿ ಒಂದು ವಾಕ್ಯ ಅಚ್ಚು ಒತ್ತಿದಂತೆ ಮತ್ತೆ ಮತ್ತೆ ಕಾಣಿಸುತ್ತದೆ: “ಶೇ. 95 ಕಾನ್ಫಿಡೆನ್ಸ್, ಶೇ. 80 ಪವರ್ ಮತ್ತು ಶೇ. 5 ದೋಷಮಿತಿ ಇಟ್ಟುಕೊಂಡು ಮಾದರಿ ಗಾತ್ರವನ್ನು 384 ಎಂದು ಲೆಕ್ಕ ಹಾಕಲಾಗಿದೆ.” ಗೈಡ್ ಸಹಿ ಹಾಕುತ್ತಾರೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡುತ್ತದೆ, ಮುಂದಿನ ವರ್ಷ ಇನ್ನೊಬ್ಬರು ಅದೇ ವಾಕ್ಯವನ್ನು ಎತ್ತಿಕೊಳ್ಳುತ್ತಾರೆ. ಆದರೆ ಆ 384 ಬರುವುದರಲ್ಲಿ ಶೇ. 80 ಪವರ್‌ನ ಪಾಲು ಏನೂ ಇಲ್ಲ. ಇದನ್ನು ಪರೀಕ್ಷಿಸುವುದು ಬಹಳ ಸುಲಭ. ವಾಕ್ಯದಲ್ಲಿ 80ರ ಜಾಗದಲ್ಲಿ 90 ಎಂದು ಬರೆದು ಲೆಕ್ಕವನ್ನು ಮತ್ತೆ ಮಾಡಿದರೆ ಉತ್ತರ ಅಲುಗಾಡುವುದಿಲ್ಲ, ಏಕೆಂದರೆ ಬಳಸಿದ ಸೂತ್ರ ಇದು:

```
n = Z² × p × (1 − p) / d²
```

ಇಲ್ಲಿ Z ಎಂದರೆ ಶೇ. 95 ಕಾನ್ಫಿಡೆನ್ಸ್‌ಗೆ ಸಲ್ಲುವ 1.96, p ಎಂದರೆ ನಿರೀಕ್ಷಿತ ಪ್ರಮಾಣ, d ಎಂದರೆ ನಾವು ಒಪ್ಪುವ ದೋಷಮಿತಿ. ಪವರ್ ಪ್ರವೇಶಿಸಬೇಕಾದರೆ ಸೂತ್ರದಲ್ಲಿ Zβ ಎಂಬ ಇನ್ನೊಂದು ಪದ ಇರಬೇಕು, ಜೊತೆಗೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಇಷ್ಟೆಂದು ಹೇಳಿರಬೇಕು. ಇಲ್ಲಿ ಎರಡೂ ಇಲ್ಲ. “ನಮ್ಮ ರೆಸಿಡೆಂಟ್‌ಗಳಲ್ಲಿ ಎಷ್ಟು ಮಂದಿಗೆ ಬರ್ನ್‌ಔಟ್ ಇದೆ?” ಎಂಬ ಪ್ರಶ್ನೆಯಲ್ಲಿ ಯಾವ ಊಹೆಯನ್ನೂ ಪರೀಕ್ಷೆಗೆ ಒಡ್ಡುತ್ತಿಲ್ಲ, ಒಂದು ಪ್ರಮಾಣವನ್ನು ಅಂದಾಜು ಮಾಡುತ್ತಿದ್ದೇವೆ ಅಷ್ಟೆ. ಅಂದಾಜಿಗೆ ಬೇಕಿರುವುದು ನಿಖರತೆ, ಎಂದರೆ ಉತ್ತರದ ಎರಡೂ ಬದಿಯ ಕಾನ್ಫಿಡೆನ್ಸ್ ಇಂಟರ್ವಲ್ ಎಷ್ಟು ಕಿರಿದಾಗಿರಬೇಕು ಎಂಬ ನಿರ್ಧಾರ.

ಪವರ್ ಎಂಬ ಪರಿಕಲ್ಪನೆ ಬಂದದ್ದೇ ಬೇರೆ ಕೆಲಸಕ್ಕಾಗಿ. 1930ರ ದಶಕದಲ್ಲಿ ನೇಯ್ಮನ್ ಮತ್ತು ಪಿಯರ್ಸನ್ ಊಹೆಗಳ ಪರೀಕ್ಷೆಗೆ ಚೌಕಟ್ಟು ಕಟ್ಟುವಾಗ ಇದಕ್ಕೆ ರೂಪ ಕೊಟ್ಟರು. ಎರಡು ಗುಂಪುಗಳ ನಡುವೆ ಇಂತಿಷ್ಟು ವ್ಯತ್ಯಾಸ ನಿಜವಾಗಿಯೂ ಇದ್ದಲ್ಲಿ ನಮ್ಮ ಅಧ್ಯಯನ ಅದನ್ನು ಗುರುತಿಸುವ ಸಂಭವವೇ ಪವರ್. ಈ ವಾಕ್ಯದ ‘ಇಂತಿಷ್ಟು’ ಎಂಬ ಭಾಗವನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ. ಒಂದೇ ಅಧ್ಯಯನಕ್ಕೆ ದೊಡ್ಡ ವ್ಯತ್ಯಾಸದ ಮಟ್ಟಿಗೆ ಶೇ. 95 ಪವರ್ ಇರಬಹುದು, ಸಣ್ಣ ವ್ಯತ್ಯಾಸದ ಮಟ್ಟಿಗೆ ಶೇ. 15 ಮಾತ್ರ ಇರಬಹುದು. ಆದ್ದರಿಂದ “ಈ ಅಧ್ಯಯನದ ಪವರ್ ಶೇ. 80” ಎಂದಷ್ಟೇ ಬರೆದು ನಿಲ್ಲಿಸುವುದು ಅರ್ಧ ವಾಕ್ಯ. ಇನ್ನು ಆ 80 ಎಂಬ ಅಂಕಿ ಜೇಕಬ್ ಕೊಹೆನ್ ಸೂಚಿಸಿದ ರೂಢಿ. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪು, ಇರುವ ವ್ಯತ್ಯಾಸವನ್ನು ಕಾಣದೆ ಹೋಗುವ ತಪ್ಪಿಗಿಂತ ನಾಲ್ಕು ಪಟ್ಟು ಗಂಭೀರ ಎಂಬ ಎಣಿಕೆಯಲ್ಲಿ ಅವರು ಮೊದಲನೆಯದಕ್ಕೆ ಶೇ. 5, ಎರಡನೆಯದಕ್ಕೆ ಶೇ. 20 ಎಂದು ಇಟ್ಟರು. ಸಕಾರಣವಾಗಿ ಬೇರೆ ಅಂಕಿ ಆರಿಸಿಕೊಳ್ಳಲು ಅಡ್ಡಿಯೇನಿಲ್ಲ.

ಈಗ ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ಒಂದು ಬೋಧನಾ ಆಸ್ಪತ್ರೆಯಲ್ಲಿ 420 ರೆಸಿಡೆಂಟ್‌ಗಳಿದ್ದಾರೆ ಎಂದುಕೊಳ್ಳೋಣ. ಮೊದಲ ಪ್ರಶ್ನೆ, ಅವರಲ್ಲಿ ಬರ್ನ್‌ಔಟ್ ಪ್ರಮಾಣ ಎಷ್ಟು ಎಂಬುದು. ಸೂತ್ರಕ್ಕೆ p ಬೇಕು, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. “ಹಿಂದಿನ ಒಂದು ಅಧ್ಯಯನದ ಪ್ರಕಾರ” ಎಂದು ಯಾವುದೋ ಒಂದು ಅಂಕಿಯನ್ನು ಎತ್ತಿಕೊಳ್ಳಲಾಗುತ್ತದೆ, ಆ ಅಧ್ಯಯನ ಬರ್ನ್‌ಔಟ್ ಎಂದು ಯಾವುದನ್ನು ಕರೆಯಿತು ಎಂದು ನೋಡುವುದಿಲ್ಲ. ವೈದ್ಯರ ಬರ್ನ್‌ಔಟ್ ಕುರಿತು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವ್ಯವಸ್ಥಿತ ವಿಮರ್ಶೆ 182 ಅಧ್ಯಯನಗಳನ್ನು ಜರಡಿ ಹಿಡಿದಾಗ ಕನಿಷ್ಠ 142 ಬೇರೆ ಬೇರೆ ವ್ಯಾಖ್ಯೆಗಳು ಸಿಕ್ಕವು, ಒಟ್ಟು ಬರ್ನ್‌ಔಟ್ ಪ್ರಮಾಣ ಶೇ. 0ಯಿಂದ ಶೇ. 80.5ರವರೆಗೆ ಹರಡಿತ್ತು. ಬರ್ನ್‌ಔಟ್ ಅಳೆಯುವ ಮ್ಯಾಸ್ಲಾಕ್ ಪ್ರಶ್ನಾವಳಿಯನ್ನೇ ಎಲ್ಲರೂ ಬಳಸಿದರೂ, ಭಾವನಾತ್ಮಕ ಬಳಲಿಕೆಯ ಅಂಕ 27 ಅಥವಾ ಹೆಚ್ಚು ಇದ್ದರೆ ಸಾಕು ಎನ್ನುವವರಿಗೆ ಸಿಗುವ ಪ್ರಮಾಣ ಒಂದು, ಪ್ರಶ್ನಾವಳಿಯ ಮೂರೂ ವಿಭಾಗಗಳಲ್ಲಿ ಕೆಟ್ಟ ಅಂಕ ಬರಬೇಕು ಎನ್ನುವವರಿಗೆ ಸಿಗುವ ಪ್ರಮಾಣ ಇನ್ನೊಂದು. ನಮ್ಮ ವ್ಯಾಖ್ಯೆಗೂ ಕಟ್‌ಆಫ್‌ಗೂ ಹೊಂದುವ ಅಧ್ಯಯನ ಸಿಗದಿದ್ದರೆ p ಅನ್ನು 0.5 ಎಂದು ಇಟ್ಟುಕೊಳ್ಳುವುದೇ ಪ್ರಾಮಾಣಿಕ ಮಾರ್ಗ, ಏಕೆಂದರೆ p × (1 − p) ಅಲ್ಲಿ ಗರಿಷ್ಠವಾಗಿರುತ್ತದೆ ಮತ್ತು ಅದೇ ದೋಷಮಿತಿಗೆ ಅದಕ್ಕಿಂತ ದೊಡ್ಡ ಮಾದರಿ ಎಂದೂ ಬೇಕಾಗುವುದಿಲ್ಲ.

p = 0.5, d = 0.05 ಇಟ್ಟರೆ 384.16 ಬರುತ್ತದೆ. ಮಾದರಿ ಗಾತ್ರವನ್ನು ಮೇಲಕ್ಕೇ ಏರಿಸಬೇಕಾದ್ದರಿಂದ ಅದು 385 ಆಗುತ್ತದೆ, ಎಲ್ಲೆಡೆ ಕಾಣುವ 384 ಅಲ್ಲ. ಆದರೆ ಈ ಸೂತ್ರ ಅಪಾರ ಜನಸಂಖ್ಯೆಯಿಂದ ಮಾದರಿ ತೆಗೆಯುತ್ತೇವೆ ಎಂದು ಭಾವಿಸಿಕೊಂಡಿದೆ. ನಮ್ಮ ಪ್ರಶ್ನೆ ಈ 420 ಮಂದಿಯ ಬಗ್ಗೆ ಮಾತ್ರ ಆಗಿದ್ದರೆ ಸೀಮಿತ ಜನಸಂಖ್ಯೆಯ ತಿದ್ದುಪಡಿ ಸಲ್ಲುತ್ತದೆ:

```
n' = n / (1 + (n − 1) / N)
   = 385 / (1 + 384 / 420) ≈ 201.1
```

ಎಂದರೆ 202 ಪೂರ್ಣ ಉತ್ತರಗಳು ಸಾಕು. ಶೇ. 60 ಮಂದಿ ಉತ್ತರಿಸುತ್ತಾರೆಂದು ನಿರೀಕ್ಷಿಸಿದರೆ 202 ಅನ್ನು 0.6ರಿಂದ ಭಾಗಿಸಿ 337 ಮಂದಿಯನ್ನು ಆಹ್ವಾನಿಸಬೇಕು. 420ರಲ್ಲಿ 337 ಮಂದಿಯನ್ನು ಆರಿಸುವ ಬದಲು ಎಲ್ಲರನ್ನೂ ಕರೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಹೀಗೆ ಸಂಖ್ಯೆಯನ್ನು ಹಿಗ್ಗಿಸುವುದರಿಂದ ಉತ್ತರಿಸದವರ ಕೊರತೆ ತುಂಬುತ್ತದೆಯೇ ಹೊರತು ಅವರಿಂದಾಗುವ ವಾಲಿಕೆ ಸರಿಹೋಗುವುದಿಲ್ಲ. ಸತತ ಡ್ಯೂಟಿಯಲ್ಲಿ ಬಸವಳಿದವರು ಪ್ರಶ್ನಾವಳಿಯನ್ನು ತೆರೆಯದೆಯೇ ಬಿಡಬಹುದು, ಅಥವಾ ನೊಂದವರೇ ಹೆಚ್ಚಾಗಿ ತುಂಬಬಹುದು. ಬರ್ನ್‌ಔಟ್ ಸಮೀಕ್ಷೆಯಲ್ಲಿ ಈ ಅಪಾಯ ವಿಷಯದೊಳಗೇ ಇದೆ. ಉತ್ತರಿಸಿದವರ ವಿಭಾಗ ಮತ್ತು ವರ್ಷದ ಹಂಚಿಕೆಯನ್ನು ಒಟ್ಟು ರೆಸಿಡೆಂಟ್‌ಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ವಾಲಿಕೆಯ ಸುಳಿವಾದರೂ ಸಿಗುತ್ತದೆ.

ಇಷ್ಟರವರೆಗೆ ಪವರ್ ಎಂಬ ಮಾತೇ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅದು ಬರುವುದು ಎರಡನೆಯ ಉದ್ದೇಶ ಹೋಲಿಕೆಯಾದಾಗ: ಶಸ್ತ್ರಚಿಕಿತ್ಸಾ ವಿಭಾಗಗಳ ರೆಸಿಡೆಂಟ್‌ಗಳಲ್ಲಿ ಉಳಿದವರಿಗಿಂತ ಬರ್ನ್‌ಔಟ್ ಹೆಚ್ಚಿದೆಯೇ? ಇದಕ್ಕೆ ಉತ್ತರಿಸುವ ಮೊದಲು ಎಷ್ಟು ವ್ಯತ್ಯಾಸವನ್ನು ಕಾಣದೆ ಬಿಟ್ಟರೆ ನಮಗೆ ನಷ್ಟ ಎಂದು ತೀರ್ಮಾನಿಸಬೇಕು. ಒಂದು ಗುಂಪಿನಲ್ಲಿ ಶೇ. 50, ಇನ್ನೊಂದರಲ್ಲಿ ಶೇ. 35 ಎಂದು ಇಟ್ಟುಕೊಳ್ಳೋಣ. ಗುಂಪುಗಳು ಸಮನಾಗಿವೆ ಎಂದು ಭಾವಿಸಿದರೆ, ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ ಹೀಗೆ ಬರುತ್ತದೆ:

```
n = (1.96 + 0.84)² × [0.50×0.50 + 0.35×0.65] / (0.15)²
  ≈ 167
```

ಆ 0.84 ಎಂಬುದೇ ಶೇ. 80 ಪವರ್‌ನ Zβ. ಇಲ್ಲಿ 90 ಎಂದು ಬದಲಿಸಿದರೆ ಅದು 1.28 ಆಗಿ ಉತ್ತರವೂ ಏರುತ್ತದೆ. ಶೇ. 80ಕ್ಕೆ ಎರಡೂ ಗುಂಪು ಸೇರಿ 334 ಪೂರ್ಣ ಉತ್ತರಗಳು ಬೇಕು. ಪ್ರಮಾಣದ ಅಂದಾಜಿಗೆ ಸಾಕಾಗಿದ್ದ 202ರಲ್ಲಿಯೇ ಈ ಹೋಲಿಕೆ ಮಾಡಿದರೆ, ಗುಂಪಿಗೆ 101 ಮಂದಿ ಇರುವಾಗ, ಇದೇ ವ್ಯತ್ಯಾಸದ ಮಟ್ಟಿಗೆ ಪವರ್ ಸುಮಾರು ಶೇ. 59ಕ್ಕೆ ಇಳಿಯುತ್ತದೆ. ಆದರೂ ಪ್ರೋಟೋಕಾಲ್‌ನಲ್ಲಿ ಮೊದಲ ಸೂತ್ರದ ಸಂಖ್ಯೆಯ ಪಕ್ಕದಲ್ಲಿ “ಶೇ. 80 ಪವರ್” ಎಂದು ಬರೆದಿರುತ್ತದೆ. ಇಂಥ ಜಾಗದಲ್ಲಿ ಅದು ಓದುಗರ ದಾರಿ ತಪ್ಪಿಸುತ್ತದೆ.

ಸೀಮಿತ ಜನಸಂಖ್ಯೆಯ ತಿದ್ದುಪಡಿಯನ್ನು 334ಕ್ಕೂ ಹಚ್ಚಿ ಇಳಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಅದು ಸಲ್ಲದು. ಶಸ್ತ್ರಚಿಕಿತ್ಸೆಯ ಕೆಲಸಕ್ಕೂ ಬರ್ನ್‌ಔಟ್‌ಗೂ ನಂಟಿದೆಯೇ ಎಂದು ಕೇಳುವಾಗ ನಾವು ಈ 420 ಮಂದಿಯನ್ನು ಮೀರಿ, ಇಂಥದ್ದೇ ಸ್ಥಿತಿಯಲ್ಲಿರುವ ರೆಸಿಡೆಂಟ್‌ಗಳ ಬಗ್ಗೆ ಮಾತಾಡಲು ಹೊರಟಿರುತ್ತೇವೆ. ಹಾಗಾಗಿ ಈ ಆಸ್ಪತ್ರೆಯಲ್ಲಿ 334 ಸಿಗಬೇಕಾದರೆ ಸುಮಾರು ಶೇ. 80 ಮಂದಿ ಉತ್ತರಿಸಬೇಕು, ನಾವು ನಿರೀಕ್ಷಿಸಿದ್ದು ಶೇ. 60. ಇನ್ನೊಂದು ಸಂಸ್ಥೆಯನ್ನು ಸೇರಿಸಿಕೊಳ್ಳಬಹುದು, ಅಥವಾ ಹೋಲಿಕೆಯನ್ನು ಕೇವಲ ಪ್ರಾಥಮಿಕ ಪರಿಶೀಲನೆ ಎಂದು ಸ್ಪಷ್ಟವಾಗಿ ಹೇಳಬಹುದು. ನನಗೆ ಹೆಚ್ಚು ಸರಿ ಎನಿಸುವ ಮೂರನೆಯ ದಾರಿಯೂ ಇದೆ: ‘ಬರ್ನ್‌ಔಟ್ ಇದೆ, ಇಲ್ಲ’ ಎಂದು ಎರಡು ತುಂಡು ಮಾಡುವ ಬದಲು ಬಳಲಿಕೆಯ ಪೂರ್ಣ ಅಂಕವನ್ನೇ ಹೋಲಿಸುವುದು. ಮ್ಯಾಸ್ಲಾಕ್ ಪ್ರಶ್ನಾವಳಿಯಲ್ಲಿ ಆ ಅಂಕ 0ಯಿಂದ 54ರವರೆಗೆ ಇರುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಶನ್ 12 ಎಂದುಕೊಂಡು 5 ಅಂಕಗಳ ಸರಾಸರಿ ವ್ಯತ್ಯಾಸವನ್ನು ಗುರುತಿಸಲು ಶೇ. 80 ಪವರ್‌ಗೆ ಗುಂಪಿಗೆ 91 ಮಂದಿ ಸಾಕು. ಕಟ್‌ಆಫ್ ಹಾಕಿದಾಗ 26 ಪಡೆದವರೂ 5 ಪಡೆದವರೂ ಒಂದೇ ಎಂದಾಗಿ ಕಳೆದುಹೋಗುವ ಮಾಹಿತಿ ಇಲ್ಲಿ ಉಳಿಯುತ್ತದೆ.

ಇನ್ನೊಂದು ತಪ್ಪು ಅಧ್ಯಯನ ಮುಗಿದ ಮೇಲೆ ನಡೆಯುತ್ತದೆ. ಉತ್ತರಗಳು 150 ಮಾತ್ರ ಬಂದವು, ಗುಂಪಿಗೆ 75ರಂತೆ, ಬರ್ನ್‌ಔಟ್ ಒಂದರಲ್ಲಿ 36 ಮಂದಿಗೆ, ಇನ್ನೊಂದರಲ್ಲಿ 27 ಮಂದಿಗೆ ಇದೆ ಎಂದುಕೊಳ್ಳೋಣ. ಶೇ. 48 ಮತ್ತು ಶೇ. 36. p-ವ್ಯಾಲ್ಯೂ 0.05ಕ್ಕಿಂತ ಹೆಚ್ಚು ಬಂತು ಎಂದು, ಕಂಡ ವ್ಯತ್ಯಾಸವನ್ನೇ ಸೂತ್ರಕ್ಕೆ ತುಂಬಿ “ಪೋಸ್ಟ್ ಹಾಕ್ ಪವರ್” ಲೆಕ್ಕ ಹಾಕಿ, “ಪವರ್ ಸಾಲದ್ದರಿಂದ ವ್ಯತ್ಯಾಸ ಕಾಣಲಿಲ್ಲ” ಎಂದು ಬರೆಯಲಾಗುತ್ತದೆ. ಹೀಗೆ ಬರುವ ಪವರ್ p-ವ್ಯಾಲ್ಯೂವಿನದೇ ಇನ್ನೊಂದು ರೂಪ, ಅದರಲ್ಲಿ ಹೊಸ ಮಾಹಿತಿ ಏನೂ ಇಲ್ಲ ಎಂದು ಹೋನಿಗ್ ಮತ್ತು ಹೈಸಿ 2001ರಲ್ಲಿಯೇ ವಿವರಿಸಿದ್ದಾರೆ. p-ವ್ಯಾಲ್ಯೂ ಸರಿಯಾಗಿ 0.05 ಇದ್ದಾಗ ಈ ಪವರ್ ಸುಮಾರು ಶೇ. 50 ಬಂದೇ ಬರುತ್ತದೆ, ಅದಕ್ಕಿಂತ ಮೇಲಿದ್ದಾಗ ಯಾವಾಗಲೂ ಕಡಿಮೆಯೇ ಬರುತ್ತದೆ. ಬರೆಯಬೇಕಾದದ್ದು ವ್ಯತ್ಯಾಸ ಮತ್ತು ಅದರ ಕಾನ್ಫಿಡೆನ್ಸ್ ಇಂಟರ್ವಲ್: ವ್ಯತ್ಯಾಸ 12 ಶೇಕಡಾ ಅಂಶಗಳು, ಇಂಟರ್ವಲ್ ಸುಮಾರು −4ರಿಂದ 28. ವ್ಯತ್ಯಾಸ ಇಲ್ಲದಿರುವುದಕ್ಕೂ, ಬಹಳ ದೊಡ್ಡದಾಗಿರುವುದಕ್ಕೂ ಈ ದತ್ತಾಂಶದಲ್ಲಿ ಅವಕಾಶವಿದೆ ಎಂಬುದನ್ನು ಆ ಎರಡು ಅಂಕಿಗಳೇ ಓದುಗರಿಗೆ ತಿಳಿಸುತ್ತವೆ.

ಪ್ರೋಟೋಕಾಲ್‌ನಲ್ಲಿ ಮೇಲಿನ ಉದಾಹರಣೆಯ ಸಮರ್ಥನೆಯನ್ನು ಹೀಗೆ ಬರೆದರೆ ಸಾಕು: “ಪ್ರಾಥಮಿಕ ಉದ್ದೇಶ 420 ರೆಸಿಡೆಂಟ್‌ಗಳಲ್ಲಿ ಬರ್ನ್‌ಔಟ್ ಪ್ರಮಾಣವನ್ನು ಅಂದಾಜು ಮಾಡುವುದು. ನಿರೀಕ್ಷಿತ ಪ್ರಮಾಣ ಶೇ. 50, ದೋಷಮಿತಿ ±5 ಶೇಕಡಾ ಅಂಶ, ಕಾನ್ಫಿಡೆನ್ಸ್ ಶೇ. 95 ಇಟ್ಟು ಸೀಮಿತ ಜನಸಂಖ್ಯೆಯ ತಿದ್ದುಪಡಿಯ ನಂತರ 202 ಪೂರ್ಣ ಉತ್ತರಗಳು ಬೇಕು. ಶೇ. 60 ಉತ್ತರದ ನಿರೀಕ್ಷೆಯಲ್ಲಿ ಎಲ್ಲ 420 ಮಂದಿಯನ್ನೂ ಆಹ್ವಾನಿಸಲಾಗುವುದು. ದ್ವಿತೀಯ ಉದ್ದೇಶ ಎರಡು ಗುಂಪುಗಳ ಸರಾಸರಿ ಬಳಲಿಕೆ ಅಂಕದ ಹೋಲಿಕೆ. ಸ್ಟ್ಯಾಂಡರ್ಡ್ ಡೀವಿಯೇಶನ್ 12 ಇದ್ದಲ್ಲಿ 5 ಅಂಕಗಳ ವ್ಯತ್ಯಾಸವನ್ನು ಶೇ. 80 ಪವರ್‌ನೊಂದಿಗೆ ಗುರುತಿಸಲು ಗುಂಪಿಗೆ 91 ಮಂದಿ ಬೇಕು.”