ಹಳೆಯ ಹಾಜರಿ ಪುಸ್ತಕದಲ್ಲಿದ್ದ ಮೊದಲ ಪರಿಚಯ

ದತ್ತಾಂಶ ವಿಶ್ಲೇಷಣೆಯ ತಂಡವೊಂದನ್ನು ನಡೆಸುವ ನನಗೆ, ಈ ಕ್ಷೇತ್ರಕ್ಕೆ ಬರಬಯಸುವ ಶಿಕ್ಷಕರಿಂದ ಆಗಾಗ ಪತ್ರಗಳು ಬರುತ್ತವೆ. ಹೆಚ್ಚಿನವು ಒಂದೇ ಬಗೆಯವು: ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥ ಕೋರ್ಸ್ ಮುಗಿಸಿದ್ದೇನೆ, ದಯವಿಟ್ಟು ಮಾರ್ಗದರ್ಶನ ಮಾಡಿ. ಓದಿದಾಗ ಮನಸ್ಸು ಕರಗುತ್ತದೆ, ಆದರೆ ಉತ್ತರ ಬರೆಯಲು ಹಿಡಿಯೇ ಸಿಗುವುದಿಲ್ಲ. ಅವರಿಗೆ ಏನು ಬೇಕೆಂದು ಆ ಪತ್ರ ಹೇಳುವುದೇ ಇಲ್ಲ.

ಹನ್ನೊಂದು ವರ್ಷ ಗಣಿತ ಕಲಿಸಿದ ಶಿಕ್ಷಕಿಯೊಬ್ಬರು ಇಂಥ ಮೂವತ್ತು ಪತ್ರಗಳನ್ನು ಅಪರಿಚಿತರಿಗೆ ಕಳುಹಿಸಿದ್ದರು. ಬಂದ ಉತ್ತರಗಳು ಎರಡು, ಎರಡೂ ಒಂದೊಂದು ಸಾಲಿನವು. ಸಹೋದ್ಯೋಗಿಯೊಬ್ಬರ ಮೂಲಕ ನನ್ನನ್ನು ಕಾಣಲು ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಮೇಡಂ, ನಿಮ್ಮ ಮೊದಲ ಮೂರು ವರ್ಷದ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಹೆಸರು ನೆನಪಾಗತೊಡಗಿತು. ಅವರಲ್ಲಿ ಒಬ್ಬಳು ಸರಕು ಸಾಗಣೆ ಸಂಸ್ಥೆಯಲ್ಲಿ ವಿಶ್ಲೇಷಕಿಯಾಗಿದ್ದಳು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಪಡೆದವರನ್ನು ಮಾತನಾಡಿಸಿ ಕಂಡುಕೊಂಡದ್ದನ್ನು ಬರೆದಿದ್ದಾರೆ. ಕೆಲಸದ ಸುಳಿವು ಕೊಟ್ಟವರನ್ನು ಆಗ ಪದೇ ಪದೇ ಭೇಟಿಯಾಗುತ್ತಿದ್ದವರು ಸುಮಾರು 17 ಶೇಕಡಾ ಮಾತ್ರ. ಉಳಿದವರಿಗೆ ನೆರವಾದವರು ಎಂದಾದರೊಮ್ಮೆ ಅಥವಾ ತೀರಾ ಅಪರೂಪಕ್ಕೆ ಕಾಣಸಿಗುತ್ತಿದ್ದವರು. ಶಿಕ್ಷಕರ ಮಟ್ಟಿಗೆ ಇದು ಹೆಚ್ಚು ನಿಜವೆಂದು ನನಗನ್ನಿಸುತ್ತದೆ. ಅವರ ದಿನನಿತ್ಯದ ಒಡನಾಡಿಗಳೆಲ್ಲ ಶಿಕ್ಷಕರೇ. ಹಳೆಯ ವಿದ್ಯಾರ್ಥಿಗಳಾದರೋ ಹತ್ತಾರು ವೃತ್ತಿಗಳಲ್ಲಿ ಹರಡಿಕೊಂಡಿರುತ್ತಾರೆ, ಕಲಿಸಿದವರನ್ನು ಮರೆತಿರುವುದಿಲ್ಲ.

ತಾವು ಕಲಿಸಿದ ವಿದ್ಯಾರ್ಥಿನಿಯ ಬಳಿಯೇ ಕೇಳುವುದಕ್ಕೆ ಆ ಶಿಕ್ಷಕಿಗೆ ಸಂಕೋಚವಾಯಿತು. ಏನು ಕೇಳಬೇಕೆಂಬುದು ಸ್ಪಷ್ಟವಾಗಿದ್ದರೆ ಆ ಸಂಕೋಚ ಅರ್ಧ ಇಳಿಯುತ್ತದೆ. ನಾವಿಬ್ಬರೂ ಕೂತು ಅವರ ತರಗತಿಯ ಅಂಕಪಟ್ಟಿಯಿಂದಲೇ ಪ್ರಶ್ನೆಯೊಂದನ್ನು ಹುಡುಕಿದೆವು. ತರಗತಿಯಲ್ಲಿ 42 ಮಕ್ಕಳು, ಪರೀಕ್ಷೆ ಬರೆದವರು 36, ಬರೆದವರ ಸರಾಸರಿ 63. ಗೈರುಹಾಜರಾದ ಆರು ಮಂದಿಯ ಮುಂದೆ ಸೊನ್ನೆ ತುಂಬಿದ್ದರಿಂದ ತರಗತಿಯ ಸರಾಸರಿ 54ಕ್ಕೆ ಇಳಿದಿತ್ತು. ಈ ಅಂಕಿಗಳ ಜೊತೆಗೆ ಅವರು ವಿದ್ಯಾರ್ಥಿನಿಗೆ ಬರೆದದ್ದು ಇಷ್ಟೇ: "ಇಲ್ಲಿ ಸೊನ್ನೆಯ ಬದಲು ಖಾಲಿ ಬಿಡಬೇಕಿತ್ತೇ? ನಿನ್ನ ಕೆಲಸದಲ್ಲಿ ಇಂಥದ್ದು ಎದುರಾದರೆ ಏನು ಮಾಡುತ್ತೀಯಮ್ಮಾ? ಇಪ್ಪತ್ತು ನಿಮಿಷ ಮಾತನಾಡಲು ಆಗುತ್ತದೆಯೇ?"

ಅಂದೇ ಸಂಜೆ ಉತ್ತರ ಬಂತು. ಅದು ಬರೀ ಗುರುಭಕ್ತಿಯಿಂದ ಬಂದದ್ದಲ್ಲ. ಸೊನ್ನೆ ಬೇರೆ, ಮಾಹಿತಿ ಇಲ್ಲದಿರುವುದು ಬೇರೆ ಎಂಬುದು ನಮ್ಮ ಕೆಲಸದ ನಿತ್ಯದ ತಲೆನೋವು. ದತ್ತಾಂಶದ ಕೋಷ್ಟಕಗಳಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸರಾಸರಿ ಲೆಕ್ಕ ಹಾಕುವ `AVG` ಖಾಲಿ, ಅಂದರೆ `NULL` ಆಗಿರುವ ಮನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ತಲುಪದ ಸರಕಿನ ವಿಳಂಬವನ್ನು ಯಾರೋ ಸೊನ್ನೆ ದಿನವೆಂದು ತುಂಬಿದ್ದರಿಂದ ತನ್ನ ವರದಿಯೊಂದು ತಪ್ಪಿದ ಕಥೆಯನ್ನು ಆಕೆ ವಿವರವಾಗಿ ಹೇಳಿದಳಂತೆ. ಒಳಗಿನವರ ಮಾತು ಇಂಥ ಕಡೆಯಲ್ಲಿ ಬಿಚ್ಚಿಕೊಳ್ಳುತ್ತದೆ. "ನಿಮ್ಮ ಕ್ಷೇತ್ರ ಹೇಗಿದೆ?" ಎಂದು ಕೇಳಿದರೆ ಬಿಚ್ಚಿಕೊಳ್ಳುವುದಿಲ್ಲ.

ಮಾತು ಮುಗಿಯುವಾಗ ಕೆಲಸ ಕೇಳಬೇಡಿ, ಇನ್ನೊಂದು ಹೆಸರು ಕೇಳಿ ಎಂದು ನಾನು ಹೇಳಿಕೊಟ್ಟಿದ್ದೆ. ಕೆಲಸ ಕೇಳಿದರೆ "ಸದ್ಯಕ್ಕೆ ಇಲ್ಲ" ಎನ್ನುವುದು ಸುಲಭ, ಅಲ್ಲಿಗೆ ದಾರಿ ಮುಚ್ಚುತ್ತದೆ. ಆಕೆ ತನ್ನ ಹಿಂದಿನ ತಂಡದ ಒಬ್ಬರನ್ನು ಪರಿಚಯಿಸಿದಳು. ಅವರೂ ಶಿಕ್ಷಕರಾಗಿದ್ದು ಎರಡು ವರ್ಷದ ಹಿಂದೆ ಈ ಕಡೆ ಬಂದವರು. ಇಂಥವರು ನನ್ನಂಥ ಹಿರಿಯರಿಗಿಂತ ಹೆಚ್ಚು ಉಪಯುಕ್ತ. ಸಂದರ್ಶನದಲ್ಲಿ ಈಗ ಏನು ಕೇಳುತ್ತಾರೆ ಎಂಬುದು ಅವರಿಗೆ ಹಸಿಹಸಿಯಾಗಿ ನೆನಪಿರುತ್ತದೆ. ನಾನು ಸಂದರ್ಶನ ಕೊಟ್ಟು ಬಹಳ ವರ್ಷಗಳಾದವು.

ಸಮುದಾಯದ ವಿಷಯಕ್ಕೆ ಬಂದರೆ, ಹತ್ತು ಗುಂಪುಗಳಿಗೆ ಸೇರಿ ಎಲ್ಲಿಯೂ ಮುಖ ಪರಿಚಯವಾಗದವರನ್ನು ಬಹಳ ಕಂಡಿದ್ದೇನೆ. ಒಂದು ಸಾಕು. ಈ ಶಿಕ್ಷಕಿ ಆರಿಸಿಕೊಂಡದ್ದು 2018ರಿಂದ ನಡೆದುಬರುತ್ತಿರುವ ಟೈಡಿ ಟ್ಯೂಸ್‌ಡೇ. ವಾರಕ್ಕೊಂದು ಸಾರ್ವಜನಿಕ ದತ್ತಾಂಶ ಕೊಡುತ್ತಾರೆ, ಎಲ್ಲರೂ ಅದರಿಂದಲೇ ನಕ್ಷೆ ಬರೆದು ಹಂಚಿಕೊಳ್ಳುತ್ತಾರೆ. ಇತರರ ನಕ್ಷೆ ನೋಡಿ "ಈ ಅಕ್ಷ ಸೊನ್ನೆಯಿಂದ ಏಕೆ ಆರಂಭವಾಗಿಲ್ಲ?" ಎಂಬಂಥ ಒಂದು ಪ್ರಶ್ನೆಯನ್ನಾದರೂ ಅವರು ಪ್ರತಿ ವಾರ ಕೇಳಿದರು. ಮೂರನೆಯ ತಿಂಗಳಲ್ಲಿ ಇಬ್ಬರು ತಾವಾಗಿಯೇ ಮಾತಿಗೆ ಬಂದರು.

ಎರಡು ಎಚ್ಚರಿಕೆಗಳನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮಕ್ಕಳ ನಿಜವಾದ ಅಂಕಪಟ್ಟಿ ಶಾಲೆಯ ಹೊರಗೆ ಹೋಗಕೂಡದು. ಹೆಸರು ಅಳಿಸಿದರೂ 42 ಮಕ್ಕಳ ತರಗತಿಯಲ್ಲಿ ಅಂಕ, ಹಾಜರಿ ಒಟ್ಟಿಗಿದ್ದರೆ ಮಗು ಯಾರೆಂದು ಗೊತ್ತಾಗಿಬಿಡುತ್ತದೆ. ಮಾಹಿತಿಯ ಗೌಪ್ಯತೆ ಅರಿಯದವರನ್ನು ನಮ್ಮವರು ಅಲ್ಲಿಯೇ ಕೈಬಿಡುತ್ತಾರೆ. ಈ ಶಿಕ್ಷಕಿ ವಿದ್ಯಾರ್ಥಿನಿಗೆ ಕಳುಹಿಸಿದ್ದು 42, 36, 63, 54 ಎಂಬ ಮೇಲಿನ ನಾಲ್ಕು ಅಂಕಿಗಳನ್ನು ಮಾತ್ರ. ಇನ್ನೊಂದು, ಈಗ ನಿಮ್ಮ ತರಗತಿಯಲ್ಲಿರುವ ಮಗುವಿನ ತಂದೆತಾಯಿ ಇದೇ ಕ್ಷೇತ್ರದಲ್ಲಿದ್ದರೂ ಅವರ ನೆರವು ಕೇಳಬೇಡಿ. ಮಗುವಿನ ಅಂಕ ನಿಮ್ಮ ಕೈಯಲ್ಲಿರುವಾಗ ಅವರಿಗೆ ಇಲ್ಲವೆನ್ನಲು ಆಗುವುದಿಲ್ಲ. ಆ ಮಗು ಶಾಲೆ ಬಿಟ್ಟ ಮೇಲೆ ಕೇಳಬಹುದು.