ಬೀನ್ಸ್ ಮೊಳಕೆಯ ಟೈಮ್‌ಲ್ಯಾಪ್ಸ್ ಯಾಕೆ ಮಿಣುಕುತ್ತದೆ?

ಪ್ರಶ್ನೆ: ಬೀನ್ಸ್ ಬೀಜ ಮೊಳೆತು ಬೆಳೆಯುವುದನ್ನು ಕಿಟಕಿಯ ಪಕ್ಕ ಇಟ್ಟು ಹತ್ತು ದಿನ ಫೋಟೊ ತೆಗೆದೆ. ಅರ್ಧ ಗಂಟೆಗೊಂದು. ವಿಡಿಯೊ ಮಾಡಿದರೆ ಬೆಳಕು ಮಿಣುಕುತ್ತದೆ, ಗಿಡ ಕುಪ್ಪಳಿಸುತ್ತದೆ. ಎಲ್ಲಿ ತಪ್ಪಿತು?

ಉತ್ತರ: ಕುಪ್ಪಳಿಸುವುದಕ್ಕೆ ಕಾರಣ ಆ ಅರ್ಧ ಗಂಟೆ. ಲೆಕ್ಕದಲ್ಲಿ ನೀವು ತಪ್ಪಿಲ್ಲ. ಹತ್ತು ದಿನಕ್ಕೆ 480 ಫೋಟೊ, ಸೆಕೆಂಡಿಗೆ 25ರಂತೆ ಓಡಿಸಿದರೆ ಹತ್ತೊಂಬತ್ತು ಸೆಕೆಂಡಿನ ವಿಡಿಯೊ. ಆದರೆ ಬೀನ್ಸ್ ಬಳ್ಳಿ ನೆಟ್ಟಗೆ ಮೇಲೇರುವುದಿಲ್ಲ, ತುದಿಯನ್ನು ಸುತ್ತಿಸುತ್ತಾ ಆಸರೆ ಹುಡುಕುತ್ತದೆ. ಒಂದು ಸುತ್ತಿಗೆ ಸುಮಾರು ಎರಡು ಗಂಟೆ. ಅಂದರೆ ಇಡೀ ಸುತ್ತಿಗೆ ನಿಮಗೆ ಸಿಕ್ಕಿದ್ದು ನಾಲ್ಕೇ ಫೋಟೊ! ಹತ್ತು ನಿಮಿಷಕ್ಕೊಂದು ತೆಗೆದರೆ ಹನ್ನೆರಡು ಸಿಗುತ್ತವೆ, ಒಟ್ಟು 1,440 ಆಗುತ್ತವೆ. ಜಾಸ್ತಿ ಆದರೆ ಆಮೇಲೆ ಬಿಡಬಹುದು, ಕಡಿಮೆ ಆದರೆ ಸೇರಿಸಲಾಗುವುದಿಲ್ಲ. ಕಟ್ಟಡವಾದರೆ ತಿಂಗಳುಗಟ್ಟಲೆ ಏಳುತ್ತದೆ, ಅದಕ್ಕೆ ಹಗಲಲ್ಲಿ ಅರ್ಧ ಗಂಟೆಗೊಂದು ಸಾಕು.

ಇನ್ನು ಮಿಣುಕು. ಕ್ಯಾಮೆರಾ ಆಟೋದಲ್ಲಿದ್ದರೆ ಪ್ರತಿ ಫೋಟೊಕ್ಕೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಎಲೆಯೊಂದು ಬಿಚ್ಚಿಕೊಂಡರೂ ಅದರ ಲೆಕ್ಕ ಬದಲಾಗುತ್ತದೆ. ಶಟರ್, ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್, ಫೋಕಸ್ ಐದನ್ನೂ ಮ್ಯಾನ್ಯುಯಲ್‌ಗೆ ಹಾಕಿ. ಫೋಕಸ್ಸನ್ನು ಮಣ್ಣಿನ ಮೇಲಲ್ಲ, ಬಳ್ಳಿ ಏರಬೇಕಾದ ಕೋಲಿನ ಮೇಲೆ ಮಾಡಿ.

ಆದರೆ ಕಿಟಕಿಯ ಬೆಳಕೇ ಏರಿಳಿಯುತ್ತಿದ್ದರೆ ಲಾಕ್ ಮಾಡಿ ಏನು ಪ್ರಯೋಜನ? ಪರದೆ ಪೂರ್ತಿ ಮುಚ್ಚಿ, ಒಂದೇ ದೀಪ ಸದಾ ಉರಿಯಲಿ. ದೀಪಕ್ಕೂ ಅದರದೇ ಮಿಣುಕಿದೆ. 50 ಹರ್ಟ್ಸ್ ಕರೆಂಟಿನಲ್ಲಿ ಎಷ್ಟೋ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ 1/25 ಸೆಕೆಂಡ್ ಇಟ್ಟರೆ ಪ್ರತಿ ಫೋಟೊದಲ್ಲೂ ಅಂಥ ನಾಲ್ಕು ಏರಿಳಿತ ಬಂದು ಬೆಳಕು ಸಮನಾಗುತ್ತದೆ.

ಇಷ್ಟಾದರೂ ಮಿಣುಕಿದರೆ ಅಕ್ಕಪಕ್ಕದ ಎರಡು ಫೋಟೊಗಳ ವಿವರ ತೆರೆದು ನೋಡಿ. ಶಟರ್, ಐಎಸ್‌ಒ ಅಂಕಿಗಳು ಬೇರೆಯಾಗಿದ್ದರೆ ಆಟೋ ಇನ್ನೂ ಎಲ್ಲೋ ಉಳಿದಿದೆ. ಅಂಕಿ ಒಂದೇ ಇದ್ದೂ ಬೆಳಕು ಬೇರೆಯಾದರೆ ದೀಪ, ಇಲ್ಲವೇ ಲೆನ್ಸ್. ಲೆನ್ಸಿನ ಅಪರ್ಚರ್ ಪ್ರತಿ ಸಲ ಮುಚ್ಚುವಾಗ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದೆ. ಪೂರ್ತಿ ತೆರೆದಿಟ್ಟರೆ ಮುಚ್ಚುವ ಮಾತೇ ಇಲ್ಲ, ಅಲ್ವಾ? ಆಗ ಫೋಕಸ್ ಹಿಡಿಯುವ ಆಳ ಕಡಿಮೆಯಾಗುತ್ತದೆ. ಕ್ಯಾಮೆರಾವನ್ನು ಸ್ವಲ್ಪ ದೂರ ಸರಿಸಿಕೊಳ್ಳಿ.

ಬ್ಯಾಟರಿ ಹತ್ತು ದಿನ ಬಾಳುವುದಿಲ್ಲ. ನಾನೊಮ್ಮೆ ಆರನೇ ದಿನ ಬ್ಯಾಟರಿ ಬದಲಿಸಿದೆ. ಟ್ರೈಪಾಡ್ ಮುಟ್ಟಿರಲಿಲ್ಲ, ಆದರೂ ವಿಡಿಯೊದಲ್ಲಿ ಕುಂಡ ಪಕ್ಕಕ್ಕೆ ಹಾರಿತು. ಆ ಬಳ್ಳಿ ಕೋಲನ್ನು ಹಿಡಿದ ಗಳಿಗೆಯೇ ಹಾಳಾಯಿತು. ಈಗ ಬ್ಯಾಟರಿಯ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿ ಹಾಕಿ, ವೈರನ್ನು ಟ್ರೈಪಾಡ್ ಕಾಲಿಗೆ ಕಟ್ಟುತ್ತೇನೆ. ಕ್ಯಾಮೆರಾ, ದೀಪ ಎರಡನ್ನೂ ಯುಪಿಎಸ್‌ಗೆ ಸಿಕ್ಕಿಸಿ. ಕರೆಂಟು ಹೋಗಿ ಬಂದ ಮೇಲೆ ಎಷ್ಟೋ ಕ್ಯಾಮೆರಾಗಳು ತಾವಾಗಿ ಮತ್ತೆ ಶುರು ಮಾಡುವುದಿಲ್ಲ.