ಸಲ್ಫೇಷನ್: ಖಾಲಿ ಬಿಟ್ಟ ಬ್ಯಾಟರಿಯೊಳಗೆ ಬೆಳೆಯುವ ಹರಳು

ಮೂರು ತಿಂಗಳು ನಿಂತಿದ್ದ ಕಾರಿನ ಬ್ಯಾಟರಿಗೆ ಚಾರ್ಜರ್ ಜೋಡಿಸಿದಾಗ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ಪೂರ್ತಿ ಖಾಲಿಯಾಗಿದ್ದ ಬ್ಯಾಟರಿಯ ವೋಲ್ಟೇಜು ಹತ್ತೇ ನಿಮಿಷದಲ್ಲಿ ಮೇಲಕ್ಕೇರುತ್ತದೆ, ಕರೆಂಟು ಹೆಚ್ಚುಕಡಿಮೆ ನಿಂತುಹೋಗುತ್ತದೆ, ಚಾರ್ಜರಿನಲ್ಲಿ ಹಸಿರು ದೀಪ ಹತ್ತುತ್ತದೆ. ಕೀಲಿ ತಿರುಗಿಸಿದರೆ ಮಾತ್ರ ಟಕ್ ಎಂಬ ಒಂದು ಸದ್ದು, ಅಷ್ಟೇ. ಬ್ಯಾಟರಿ ಕೆಲಸದವರು ಇದನ್ನು ನೋಡಿ ‘ಸಲ್ಫೇಟ್ ಆಗಿದೆ’ ಎನ್ನುತ್ತಾರೆ.

ಆ ಮಾತು ಸರಿಯೇ, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ಸಲ್ಫೇಟ್ ಎಂಬುದು ಹೊರಗಿನಿಂದ ಬಂದ ರೋಗವೇನಲ್ಲ. ಸೀಸ-ಆಮ್ಲದ ಬ್ಯಾಟರಿ ವಿದ್ಯುತ್ ಕೊಡುವುದೇ ಸಲ್ಫೇಟ್ ಆಗುವ ಮೂಲಕ. ಋಣ ಪ್ಲೇಟಿನ ಸೀಸವೂ ಧನ ಪ್ಲೇಟಿನ ಸೀಸದ ಡೈಆಕ್ಸೈಡೂ ಸಲ್ಫ್ಯೂರಿಕ್ ಆಮ್ಲದೊಡನೆ ಸೇರಿ ಸೀಸದ ಸಲ್ಫೇಟ್ ಆಗುತ್ತವೆ, ಜೊತೆಗೆ ನೀರು ಹುಟ್ಟುತ್ತದೆ:

Pb + PbO₂ + 2H₂SO₄ ⇌ 2PbSO₄ + 2H₂O

ಚಾರ್ಜ್ ಮಾಡಿದಾಗ ಇದೇ ಕ್ರಿಯೆ ಹಿಂದಕ್ಕೆ ನಡೆಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸಲ್ಫೇಟ್ ಏಕಾಯಿತು ಎಂದಲ್ಲ, ಆದ ಸಲ್ಫೇಟ್ ಏಕೆ ಹಿಂದಿರುಗುತ್ತಿಲ್ಲ ಎಂದು. ಉತ್ತರ ಇರುವುದು ಹರಳಿನ ಗಾತ್ರದಲ್ಲಿ.

ಸೀಸದ ಸಲ್ಫೇಟು ವಿದ್ಯುತ್ ಹರಿಯಗೊಡದ ವಸ್ತು. ಹೀಗಾಗಿ ಚಾರ್ಜ್ ಆಗುವಾಗ ಹರಳು ಇದ್ದಲ್ಲಿಯೇ ಸೀಸವಾಗಿ ಬದಲಾಗುವುದಿಲ್ಲ. ಅದು ಮೊದಲು ಆಮ್ಲದಲ್ಲಿ ಕರಗಬೇಕು. ಕರಗಿದ ಸೀಸದ ಅಯಾನು ಪಕ್ಕದ ಲೋಹವನ್ನು ಮುಟ್ಟಿ ಅಲ್ಲಿ ಎಲೆಕ್ಟ್ರಾನ್ ಪಡೆಯಬೇಕು. ಆದರೆ ಸಲ್ಫೇಟ್ ಬಹಳ ಜಿಪುಣ: ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಕರಗಿದರೆ, ಬ್ಯಾಟರಿಯ ಆಮ್ಲದಲ್ಲಿ ಕೆಲವೇ ಮಿಲಿಗ್ರಾಂ. ಇಷ್ಟು ಕಡಿಮೆ ಕರಗುವ ವಸ್ತು ಬೇಗ ಕರಗಬೇಕಾದರೆ ಆಮ್ಲಕ್ಕೆ ತಾಗುವ ಮೇಲ್ಮೈ ಬಹಳ ದೊಡ್ಡದಿರಬೇಕು. ಆಗತಾನೇ ಖಾಲಿಯಾದ ಪ್ಲೇಟಿನಲ್ಲಿ ಅದು ಇರುತ್ತದೆ, ಏಕೆಂದರೆ ಹರಳುಗಳೆಲ್ಲ ನುಣ್ಣನೆಯ ಹುಡಿಯಂತಿರುತ್ತವೆ.

ಹಾಗೆಯೇ ಬಿಟ್ಟರೆ ಹುಡಿ ಹುಡಿಯಾಗಿ ಉಳಿಯುವುದಿಲ್ಲ. ಚಿಕ್ಕ ಹರಳು ದೊಡ್ಡದಕ್ಕಿಂತ ತುಸು ಸುಲಭವಾಗಿ ಕರಗುತ್ತದೆ, ಕರಗಿದ್ದು ಹೋಗಿ ದೊಡ್ಡದರ ಮೇಲೆ ಕೂರುತ್ತದೆ. ಚಿಕ್ಕವು ಮಾಯವಾಗುತ್ತವೆ, ದೊಡ್ಡವು ಬೆಳೆಯುತ್ತವೆ. ಹಗಲಿನ ಬಿಸಿ ಮತ್ತು ರಾತ್ರಿಯ ತಂಪು ಇದಕ್ಕೆ ಕುಮ್ಮಕ್ಕು ಕೊಡುತ್ತವೆ: ಬಿಸಿಯಲ್ಲಿ ಇನ್ನಷ್ಟು ಕರಗಿ, ತಣಿದಾಗ ಮತ್ತೆ ದೊಡ್ಡ ಹರಳಿನ ಮೇಲೇ ಇಳಿಯುತ್ತದೆ. ಗಣಿತ ಸರಳವಾಗಿದೆ, ಆದರೆ ನಿರ್ದಯಿ. ಹರಳಿನ ಅಡ್ಡಳತೆ ಹತ್ತು ಪಟ್ಟಾದರೆ ಅಷ್ಟೇ ಸಲ್ಫೇಟಿನ ಒಟ್ಟು ಮೇಲ್ಮೈ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಕರಗುವ ವೇಗವೂ ಅದರೊಂದಿಗೆ ಕುಸಿಯುತ್ತದೆ. ಚಾರ್ಜರ್ ತಳ್ಳುವ ಕರೆಂಟಿಗೆ ಬೇಕಾದಷ್ಟು ಸೀಸ ಕರಗಿ ಬರದಿದ್ದರೆ ವೋಲ್ಟೇಜು ಏರಿ, ಕರೆಂಟು ನೀರನ್ನು ಒಡೆದು ಅನಿಲ ಮಾಡುವುದರಲ್ಲಿ ವ್ಯರ್ಥವಾಗುತ್ತದೆ. ಹಸಿರು ದೀಪದ ಗುಟ್ಟು ಇದೇ.

ತುಂಬಿದ ಬ್ಯಾಟರಿಯಲ್ಲಿ ಹೀಗಾಗದಿರಲು ಮುಖ್ಯ ಕಾರಣ, ಬೆಳೆಯಲು ಅಲ್ಲಿ ಸಲ್ಫೇಟೇ ಹೆಚ್ಚಿರುವುದಿಲ್ಲ. ಖಾಲಿಯಾದದ್ದರಲ್ಲಿ ಸಲ್ಫೇಟೂ ಯಥೇಚ್ಛ, ಆಮ್ಲವೂ ತೆಳು. ಬ್ಯಾಟರಿಯಲ್ಲಿ ಇರುವ ಮಟ್ಟಗಳಲ್ಲಿ ಆಮ್ಲ ತೆಳುವಾದಷ್ಟೂ ಸಲ್ಫೇಟ್ ಹೆಚ್ಚು ಕರಗುವುದರಿಂದ ಹರಳಿನಿಂದ ಹರಳಿಗೆ ಸಾಗಾಟವೂ ಚುರುಕು. ಖಾಲಿಯಾಗಲು ದೀಪ ಹಚ್ಚಿಟ್ಟು ಮರೆಯಬೇಕೆಂದೇನೂ ಇಲ್ಲ. ನಿಂತ ಕಾರಿನ ಗಡಿಯಾರ, ಅಲಾರಂ ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ 60 ಆಂಪಿಯರ್-ಅವರ್ ಬ್ಯಾಟರಿ 50 ದಿನಗಳಲ್ಲಿ ಬರಿದಾಗುತ್ತದೆ.

ಇನ್ನು ಹಿಂದಕ್ಕೆ ತರಬಹುದೇ ಎಂಬ ಪ್ರಶ್ನೆ. ಮುಚ್ಚಳ ತೆಗೆದು ನೀರು ಹಾಕಬಹುದಾದ, ಇದೇ 60 ಆಂಪಿಯರ್-ಅವರ್‌ನ ಬ್ಯಾಟರಿಯೊಂದನ್ನು ತೆಗೆದುಕೊಳ್ಳೋಣ. ಹೈಡ್ರೋಮೀಟರಿನಲ್ಲಿ ಅಳೆದರೆ ಆರೂ ಕೋಶಗಳ ಆಮ್ಲದ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.110. ತುಂಬಿದ್ದಾಗ ಅದು 1.270 ಇರಬೇಕಿತ್ತು. ಈ ವ್ಯತ್ಯಾಸ ಒಂದು ಲೆಕ್ಕಪುಸ್ತಕವಿದ್ದಂತೆ: ಆಮ್ಲ ಚೆಲ್ಲಿಲ್ಲವಾದರೆ, ದ್ರವದಲ್ಲಿ ಕಾಣೆಯಾದ ಸಲ್ಫೇಟೆಲ್ಲ ಪ್ಲೇಟಿನ ಮೇಲೆ ಕೂತಿದೆ. ಗ್ರಾವಿಟಿ ಕಡಿಮೆಯೆಂದು ಆಮ್ಲ ಸುರಿಯುವವರು ಈ ಲೆಕ್ಕವನ್ನೇ ತಿದ್ದಿಬಿಡುತ್ತಾರೆ. ಸಾಲದ್ದಕ್ಕೆ, ಆಮ್ಲ ಗಾಢವಾಗಿ ಸಲ್ಫೇಟು ಇನ್ನೂ ಕಡಿಮೆ ಕರಗುತ್ತದೆ. ಪ್ಲೇಟು ಬಯಲಾಗಿದ್ದರೆ ಬಟ್ಟಿ ಇಳಿಸಿದ ನೀರು ಮಾತ್ರ ಹಾಕಬೇಕು.

ಚಿಕಿತ್ಸೆಯೆಂದರೆ ಕರಗುವ ವೇಗಕ್ಕೆ ಕಾಯುವುದು. ಕಾರಿನಿಂದ ಬ್ಯಾಟರಿಯನ್ನು ಬಿಡಿಸಿ, ಕರೆಂಟನ್ನು 0.6 ಆಂಪಿಯರಿಗೂ ವೋಲ್ಟೇಜನ್ನು ಸುಮಾರು 15.5ಕ್ಕೂ ಕಟ್ಟಿಹಾಕಿ ಚಾರ್ಜಿಗಿಡುತ್ತೇವೆ. ಮೊದಲ ದಿನ 0.1 ಆಂಪಿಯರ್ ಕೂಡ ಕಷ್ಟದಿಂದ ಹೋಗಬಹುದು. ಎರಡನೆಯ ದಿನ ಕರೆಂಟು 0.6ಕ್ಕೆ ಏರಿ, ವೋಲ್ಟೇಜು 13ರ ಹತ್ತಿರಕ್ಕೆ ಇಳಿದರೆ ಅದೇ ಶುಭಸೂಚನೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯ ವೋಲ್ಟೇಜು ಇಳಿಯುವುದು ತಿರುಗುಮುರುಗಾಗಿ ಕಂಡರೂ, ಹರಳು ಕರಗಿ ದಾರಿ ಬಿಡುತ್ತಿದೆ ಎಂದೇ ಅದರ ಅರ್ಥ. ಅಲ್ಲಿಂದ ಮುಂದೆ 60ನ್ನು 0.6ರಿಂದ ಭಾಗಿಸಿದರೆ ಕನಿಷ್ಠ 100 ಗಂಟೆ. ಕೊನೆಗೆ ವೋಲ್ಟೇಜು ಮತ್ತೆ ಏರಿ ಗುಳ್ಳೆಗಳೇಳುತ್ತವೆ. ಎರಡೆರಡು ಗಂಟೆಗೊಮ್ಮೆ ಮೂರು ಸಲ ನೋಡಿದರೂ ಗ್ರಾವಿಟಿ ಕದಲದಿದ್ದರೆ ನಿಲ್ಲಿಸಬೇಕು. ಗುಳ್ಳೆಯಲ್ಲಿರುವುದು ಹೈಡ್ರೋಜನ್. ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಕಿಡಿಯೊಂದು ಸಾಕು, ಆದ್ದರಿಂದ ಗಾಳಿಯಾಡುವ ಜಾಗವೂ ಕಣ್ಣಿಗೆ ಕನ್ನಡಕವೂ ಬೇಕೇ ಬೇಕು. ಬ್ಯಾಟರಿ 50 ಡಿಗ್ರಿ ಸೆಲ್ಸಿಯಸ್ ದಾಟುವಂತಿದ್ದರೆ ಚಾರ್ಜಿಂಗ್ ನಿಲ್ಲಿಸಬೇಕು.

ಗ್ರಾವಿಟಿ 1.235ಕ್ಕೆ ನಿಂತಿತು ಎನ್ನೋಣ. ಏರಬೇಕಿದ್ದ 0.160ರಲ್ಲಿ ಏರಿದ್ದು 0.125, ಅಂದರೆ ಮುಕ್ಕಾಲಿಗಿಂತ ತುಸು ಹೆಚ್ಚು. ಉಳಿದದ್ದು ಇನ್ನೂ ಹರಳಾಗಿಯೇ ಇದೆ, ಅಥವಾ ಪ್ಲೇಟಿನಿಂದ ಉದುರಿ ತಳದ ಕೆಸರಾಗಿದೆ. ವಿಶ್ರಾಂತಿಯ ವೋಲ್ಟೇಜನ್ನು ನಂಬದೆ 3 ಆಂಪಿಯರ್ ಎಳೆಯುತ್ತ 10.5 ವೋಲ್ಟಿಗೆ ಇಳಿಯುವ ತನಕ ಗಂಟೆ ಎಣಿಸಬೇಕು. ಹೊಸದಕ್ಕೆ 20 ಗಂಟೆಯಾದರೆ ಇದು 15ರ ಆಸುಪಾಸು ಬರಬಹುದು. ಐದು ಕೋಶ ಏರಿ ಒಂದೇ ಒಂದು ಕೆಳಗುಳಿದಿದ್ದರೆ ಮಾತ್ರ ಮತ್ತೆ ಶ್ರಮ ಪಡುವುದು ಬೇಡ.

ಆ ಒಂದು ಕೋಶದಲ್ಲಿ ಆಗಿರುವುದು ಬಹುಶಃ ಬೇರೆಯೇ ಹಾನಿ. ಆಮ್ಲ ನೀರಿನಷ್ಟೇ ತೆಳುವಾದಾಗ ಹೆಚ್ಚು ಸೀಸ ಕರಗಿ, ಚಾರ್ಜ್ ಮಾಡಿದಾಗ ಪ್ಲೇಟುಗಳ ನಡುವಿನ ಸೆಪರೇಟರಿನೊಳಗೇ ಸೀಸದ ಎಳೆಗಳು ಬೆಳೆದು ಎರಡೂ ಪ್ಲೇಟುಗಳನ್ನು ಬೆಸೆಯಬಹುದು. ಜೊತೆಗೆ ಸೀಸ ಸಲ್ಫೇಟಾದಾಗ ಸುಮಾರು ಎರಡೂವರೆ ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಪ್ಲೇಟು ಬಾಗುತ್ತದೆ, ಹುಡಿ ಉದುರುತ್ತದೆ. ಹರಳನ್ನು ಕರಗಿಸಬಹುದು, ಉದುರಿದ ಹುಡಿಯನ್ನು ಮತ್ತೆ ಪ್ಲೇಟಿಗೆ ಅಂಟಿಸಲಾಗದು.

ಪುಡಿ ಹಾಕಿ ಬ್ಯಾಟರಿ ಬದುಕಿಸುವ ಆಸೆ ಹಳೆಯದು. ಅಮೆರಿಕದಲ್ಲಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟುಗಳ ‘ಎಡಿ-ಎಕ್ಸ್2’ ಎಂಬ ಪುಡಿಯಿಂದ ಪ್ರಯೋಜನವಿಲ್ಲ ಎಂದ ರಾಷ್ಟ್ರೀಯ ಮಾನಕ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರಿಗೆ 1953ರಲ್ಲಿ ರಾಜೀನಾಮೆ ಕೊಡುವಂತೆ ಹೇಳಲಾಯಿತು. ವಿಜ್ಞಾನಿಗಳು ಪ್ರತಿಭಟಿಸಿದ ಮೇಲೆ ಅವರು ಹುದ್ದೆಯಲ್ಲೇ ಉಳಿದರು. ಅಲ್ಲಿನ ವಿಜ್ಞಾನ ಅಕಾಡೆಮಿಯ ಸಮಿತಿಯೂ ಅವರ ಸಂಸ್ಥೆಯ ಪರೀಕ್ಷೆಗಳನ್ನೇ ಎತ್ತಿಹಿಡಿಯಿತು. ತಮಾಷೆಯೆಂದರೆ, ಮೊಹರು ಮಾಡಿದ ಬ್ಯಾಟರಿಗಳಿಗೆ ತಯಾರಕರೇ ಸೋಡಿಯಂ ಸಲ್ಫೇಟ್ ಸೇರಿಸುವುದುಂಟು. ಆದರೆ ಅವರ ಉದ್ದೇಶ ತದ್ವಿರುದ್ಧ: ಖಾಲಿಯಾದಾಗಲೂ ಸೀಸ ಹೆಚ್ಚು ಕರಗದಂತೆ ತಡೆದು, ಆ ಎಳೆಗಳು ಬೆಳೆಯದಂತೆ ನೋಡಿಕೊಳ್ಳುವುದು.